ಅಪ್ಪನ ವಿಮೆಯ 28,000 ರೂಪಾಯಿ

ಪುಣೆಯಲ್ಲಿ ಅಪ್ಪನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದಾಗ ಬಿಲ್ಲು 1,40,000 ರೂಪಾಯಿ ಆಯಿತು. ವಿಮಾ ಕಂಪನಿ 84,000 ಮಾತ್ರ ಕೊಟ್ಟಿತು. ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ 3,000ದ ಮಿತಿಯಿತ್ತು, ನಾವು 5,000ದ ಕೊಠಡಿಯಲ್ಲಿದ್ದೆವು. ಆ ಅನುಪಾತವನ್ನೇ ಹಿಡಿದು ಕಂಪನಿ ಇಡೀ ಬಿಲ್ಲಿನ ಶೇ. 60ನ್ನು ಮಂಜೂರು ಮಾಡಿತ್ತು. ಬಾಡಿಗೆ, ವೈದ್ಯರ ಶುಲ್ಕ, ಶುಶ್ರೂಷೆ, ಆಪರೇಷನ್ ಥಿಯೇಟರ್ ವೆಚ್ಚಗಳಿಗೆ ಈ ಕಡಿತ ಅನ್ವಯಿಸುತ್ತದೆ, ಅದರ ಬಗ್ಗೆ ನಮ್ಮ ತಕರಾರಿರಲಿಲ್ಲ. ಆದರೆ ಔಷಧಿ, ರಕ್ತಪರೀಕ್ಷೆ ಮತ್ತು ಸ್ಕ್ಯಾನ್, ಹೊಟ್ಟೆಯೊಳಗೆ ಕೂರಿಸಿದ ಮೆಶ್, ಇವುಗಳಿಗೆ ಕಡಿತ ಕೂಡದೆಂದು ಪಾಲಿಸಿಯ ಷರತ್ತಿನಲ್ಲೇ ಬರೆದಿತ್ತು. ಅವುಗಳ ಮೊತ್ತ 70,000. ಅದರಲ್ಲಿ ಕಡಿದ ಶೇ. 40, ಅಂದರೆ 28,000 ರೂಪಾಯಿ ಅಪ್ಪನಿಗೆ ಬರಬೇಕಾದ ಹಣವಾಗಿತ್ತು.

ನಾನು ಮೊದಲು ಕ್ಲೇಮ್ ನೋಡುವ ಮಧ್ಯವರ್ತಿ ಸಂಸ್ಥೆಗೆ ಫೋನ್ ಮಾಡುತ್ತ ಮೂರು ವಾರ ಕಳೆದೆ. ಆ ಕರೆಗಳು ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ದೂರು ವಿಮಾ ಕಂಪನಿಗೇ ಬರಹದಲ್ಲಿ ತಲುಪಿರಬೇಕು. ಜೂನ್ 3ರಂದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿದೆ. 14 ದಿನಗಳೊಳಗೆ ಉತ್ತರಿಸುವುದಾಗಿ ಅಂದೇ ಸ್ವೀಕೃತಿ ಬಂದಿತು. 17ನೇ ತಾರೀಖು ಕಳೆದರೂ ಉತ್ತರ ಬರಲಿಲ್ಲ.

ಮರುದಿನವೇ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಓಂಬುಡ್ಸ್‌ಮನ್ ಕಚೇರಿಗೆ ಹೊರಟಿದ್ದ ನನ್ನನ್ನು, ವಿಮಾ ಕ್ಷೇತ್ರದಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ವಿಜಯಪುರದ ಕಾಕಾ ತಡೆದರು. “ಅವರು ಕೊಟ್ಟ ಗಡುವು ಬ್ಯಾರೆ, ಓಂಬುಡ್ಸ್‌ಮನ್ ನಿಯಮದ ಗಡುವು ಬ್ಯಾರೆ, ತಮ್ಮಾ. ದೂರು ಅವರಿಗೆ ಮುಟ್ಟಿ ಒಂದು ತಿಂಗಳು ಆಗ್ಲಿ” ಎಂದರು. ಅವರ ಮಾತು ಸರಿಯಿತ್ತು. ಕಂಪನಿ ದೂರನ್ನು ತಿರಸ್ಕರಿಸಿದ್ದರೆ ಕೂಡಲೇ ಹೋಗಬಹುದಿತ್ತು. ಮೌನವಾಗಿದ್ದರೆ ತಿಂಗಳು ಕಾಯಲೇಬೇಕು. ವಚನ ಮುರಿದವರಿಗೆ ಇನ್ನೂ ಎರಡು ವಾರ ಸಿಗುವುದು ನನಗೆ ಇಂದಿಗೂ ನ್ಯಾಯವೆನಿಸುವುದಿಲ್ಲ. ಆದರೆ ಅವಸರಪಟ್ಟಿದ್ದರೆ ದೂರು ಅಕಾಲಿಕವೆಂದು ಮರಳಿ ಬರುತ್ತಿತ್ತು.

ಜುಲೈ 4ರಂದು ನಾರಾಯಣ ಪೇಟೆಯ ಜೀವನ್ ದರ್ಶನ್ ಕಟ್ಟಡದಲ್ಲಿರುವ ಕಚೇರಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಪಾಲಿಸಿ ಅವರ ಹೆಸರಿನಲ್ಲಿದ್ದುದರಿಂದ ದೂರಿಗೆ ಅವರ ಸಹಿಯೇ ಬೇಕಾಗಿತ್ತು. ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ. ಇದೇ ವಿಷಯ ಗ್ರಾಹಕರ ಆಯೋಗದಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಇರಬಾರದು. ಗುಮಾಸ್ತರು ಮೊದಲು ಕೇಳಿದ್ದು ಆಸ್ಪತ್ರೆಯ ಬಿಲ್ಲನ್ನಲ್ಲ, ಜೂನ್ 3ರ ಸ್ವೀಕೃತಿಯನ್ನು. ಅದರ ಮುದ್ರಿತ ಪ್ರತಿ ಕೈಯಲ್ಲಿದ್ದುದರಿಂದ ದೂರು ಅಲ್ಲೇ ಸ್ವೀಕಾರವಾಯಿತು.

ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ನಾನು ಬಿಲ್ಲನ್ನು ಎರಡು ಕಾಲಮ್‌ಗಳಾಗಿ ಬಿಡಿಸಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಮೆಶ್‌ನ ಬೆಲೆಯನ್ನು ಯಾವ ಷರತ್ತಿನಡಿ ಕಡಿದಿರೆಂದು ಓಂಬುಡ್ಸ್‌ಮನ್ ಕೇಳಿದಾಗ ಕಂಪನಿಯ ಪ್ರತಿನಿಧಿ ಪಾಲಿಸಿಯ ಪುಟಗಳನ್ನು ತಿರುವಿ ಹಾಕಿ, ತೋರಿಸಲಾರದೆ ಸುಮ್ಮನಾದರು. 28,000 ರೂಪಾಯಿ ಕೊಡಬೇಕೆಂದು ಆದೇಶವಾಯಿತು. ಆದೇಶ ತಲುಪಿದ 30 ದಿನಗಳೊಳಗೆ ಕಂಪನಿ ಅದನ್ನು ಪಾಲಿಸಲೇಬೇಕು. ಹಣ 22ನೇ ದಿನ ಅಪ್ಪನ ಖಾತೆಗೆ ಬಂದಿತು.