ಅಡುಗೆಮನೆಯ ಬಾಗಿಲು ಮತ್ತು ವಾಟ್ಸಾಪ್ ಸ್ಟೇಟಸ್

"ಮೇಡಂ, ಸೋಷಿಯಲ್ ಮೀಡಿಯಾದಲ್ಲಿ ಎಲ್ಲರೂ ಬರೀ ನಾಟಕ ಆಡ್ತಾರೆ ಅಲ್ವಾ? ಅಲ್ಲಿ ಯಾರದ್ದಾದ್ರೂ ಅಸಲಿ ಮುಖ ಅಂತ ಇರುತ್ತಾ?"

ಆಡುತ್ತಾರೆ. ಮನೆಯಲ್ಲೂ ಆಡುತ್ತಾರೆ, ಆಫೀಸಿನಲ್ಲೂ, ಮದುವೆ ಛತ್ರದಲ್ಲೂ. ಹಾಗಾಗಿ ನಾನು ನಾಟಕ ಹುಡುಕುತ್ತಾ ಕೂರುವುದಿಲ್ಲ. ರಂಗಕ್ಕೂ ಅದರ ಹಿಂದಿನ ಕೋಣೆಗೂ ನಡುವೆ ಒಂದು ಬಾಗಿಲು ಇರುತ್ತದಲ್ಲ, ಅದರ ಚಿಲಕ ಯಾರ ಕೈಯಲ್ಲಿದೆ ಅಂತ ನೋಡುತ್ತೇನೆ.

ಇದನ್ನು ಕಲಿಸಿದ್ದು ಅರ್ವಿಂಗ್ ಗಾಫ್‌ಮನ್. ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ. ಪಿಎಚ್‌ಡಿಗೆಂದು 1949ರಿಂದ 1951ರ ನಡುವೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಇದ್ದ. ಊರವರಿಗೆ ಹೇಳಿಕೊಂಡಿದ್ದು ಮಾತ್ರ, ಇಲ್ಲಿನ ಬೇಸಾಯದ ಲೆಕ್ಕಾಚಾರ ತಿಳಿಯಲು ಬಂದ ಅಮೆರಿಕದ ವಿದ್ಯಾರ್ಥಿ ಅಂತ. (ನಾಟಕದ ಬಗ್ಗೆ ಬರೆದವನೂ ಒಂದು ವೇಷ ಹಾಕಿಕೊಂಡೇ ಹೋಗಿದ್ದ!) ಅಲ್ಲಿ ಕಂಡದ್ದು ಅವನ 'ದಿ ಪ್ರೆಸೆಂಟೇಶನ್ ಆಫ್ ಸೆಲ್ಫ್ ಇನ್ ಎವೆರಿಡೇ ಲೈಫ್' ಪುಸ್ತಕದಲ್ಲಿ ಬರುತ್ತದೆ. ಮೊದಲು ಬಂದದ್ದು 1956ರಲ್ಲಿ, ಎಡಿನ್‌ಬರೋದಲ್ಲಿ.

ಅದರಲ್ಲಿ ಒಂದು ಹೋಟೆಲಿನ ಅಡುಗೆಮನೆ ಇದೆ. ಊಟದ ಹಾಲ್‌ನಲ್ಲಿ ಎಲ್ಲ ಶಿಸ್ತು, ಎಲ್ಲ ಚೊಕ್ಕ. ಬಾಗಿಲ ಈಚೆ, ಕುದಿಯುವ ಪಾತ್ರೆಯ ಮೇಲೆ ಒದ್ದೆ ಕಾಲುಚೀಲ ಒಣಗುತ್ತಿರುತ್ತದೆ, ಇನ್ನೂ ಬಡಿಸದ ಸೂಪಿನ ಮೇಲೆ ಬೂಷ್ಟು ಕಟ್ಟಿರುತ್ತದೆ, ಅತಿಥಿಗಳು ಅರ್ಧ ತಿಂದು ಬಿಟ್ಟ ಬೆಣ್ಣೆಯನ್ನು ಮತ್ತೆ ಉಂಡೆ ಮಾಡಿ ಹೊಸದರ ಹಾಗೆ ಕಳಿಸುತ್ತಾರೆ. ಮುಂದಿನ ಹಾಲ್ ರಂಗ, ಅಡುಗೆಮನೆ ಹಿನ್ನೆಲೆ. ಆದರೆ ನನಗೆ ಬೆಣ್ಣೆಗಿಂತ ಜಾಸ್ತಿ ಇಷ್ಟವಾದದ್ದು ಆ ಬಾಗಿಲಿನ ಜಗಳ. ಬಡಿಸುವ ಹುಡುಗಿಯರಿಗೆ ಅದು ತೆರೆದೇ ಇರಬೇಕು. ಟ್ರೇ ಹಿಡಿದು ಓಡಾಡಲು ಸಲೀಸು, ಯಾರ ಊಟ ಎಲ್ಲಿಗೆ ಬಂತು ಅಂತ ಇಣುಕಲೂ ಆಗುತ್ತದೆ. ಮ್ಯಾನೇಜರಿಗೆ ಅದು ಮುಚ್ಚಿರಬೇಕು. ಇಲ್ಲದಿದ್ದರೆ ಹಾಲ್‌ನಲ್ಲಿ ಕಟ್ಟಿದ ಮರ್ಯಾದೆಯೆಲ್ಲ ನೀರುಪಾಲು.

ಇನ್ನೊಂದು ಚಿತ್ರವೂ ಇದೆ. ಆ ದ್ವೀಪದ ಮನೆಗಳ ಸುತ್ತ ಬಯಲು, ಒಳಗೆ ಮಬ್ಬು ಬೆಳಕು. ಹೊರಗಿನಿಂದ ಬರುವವರಿಗೆ ಒಳಗಿನವರು ಕಾಣುವುದಿಲ್ಲ, ಒಳಗಿನವರಿಗೆ ಅವರು ಚೆನ್ನಾಗಿ ಕಾಣುತ್ತಾರೆ. ಚಹಾಕ್ಕೆ ಬರುವ ನೆರೆಯವನು ಇನ್ನೇನು ಬಾಗಿಲು ಬಂತು ಎನ್ನುವಾಗ ಇದ್ದ ಮುಖಭಾವ ಬಿಟ್ಟು ನಗು ತಂದುಕೊಳ್ಳುವುದನ್ನು ನೋಡುವುದೇ ಮನೆಯವರಿಗೆ ಒಂದು ಮಜಾ. ಕೆಲವರು ಇನ್ನೂ ಜಾಣರು. ನೋಡುತ್ತಿದ್ದಾರೆ ಅಂತ ಗೊತ್ತಿದ್ದು ಬಹಳ ದೂರದಿಂದಲೇ ನಗುಮುಖ ಹೊತ್ತು ಬರುತ್ತಿದ್ದರು. ಈಗ ಹೇಳಿ, ಅವನ ಸ್ನೇಹ ಸುಳ್ಳಾ? ಅವನು ಚಹಾ ಕುಡಿಯಲು ಬಂದದ್ದು ನಿಜವೇ. ನಗು ಆ ಭೇಟಿಗೆ ಸಲ್ಲುವ ಮರ್ಯಾದೆ. ಹಾಗೆಯೇ ಹಿನ್ನೆಲೆ ಎಂದರೆ ಪೂರ್ತಿ ಸತ್ಯ ಅಂತಲೂ ಅಲ್ಲ. ಯಕ್ಷಗಾನದ ಚೌಕಿ ನೋಡಿದವರಿಗೆ ಇದು ಗೊತ್ತಿರುತ್ತದೆ. ರಂಗಸ್ಥಳಕ್ಕೆ ಹೋಗುವ ಮುಂಚೆ ಬಣ್ಣ ಹಚ್ಚುವ ಜಾಗ ಅದು, ಆದರೆ ಅಲ್ಲೂ ಪೂಜೆ ಇದೆ, ಕ್ರಮ ಇದೆ, ಹಿರಿಯರೆದುರು ನಡೆದುಕೊಳ್ಳುವ ರೀತಿ ಇದೆ. ಪ್ರೇಕ್ಷಕರು ಬದಲಾದರು, ಅಷ್ಟೇ.

ಸರಿ, ಫೋನಿಗೆ ಬರೋಣ. ನನಗೆ ಗೊತ್ತಿರುವ ಒಬ್ಬ ಹುಡುಗಿಯ ಕತೆ. ಆಫೀಸಿಗೆ "ಜ್ವರ" ಅಂತ ಮೆಸೇಜ್ ಹಾಕಿ ಗೆಳತಿಯರ ಜೊತೆ ಚಿಕ್ಕಮಗಳೂರಿಗೆ ಹೋದಳು. ವಾಟ್ಸಾಪ್ ಸ್ಟೇಟಸ್ ಹಾಕುವ ಮುಂಚೆ ಪ್ರೈವಸಿಗೆ ಹೋಗಿ, ಇಂಥವರನ್ನು ಬಿಟ್ಟು ಉಳಿದವರಿಗೆ ಎನ್ನುವ ಆಯ್ಕೆ ಒತ್ತಿ, ಆಫೀಸಿನವರನ್ನೆಲ್ಲ ಒಬ್ಬೊಬ್ಬರಾಗಿ ಟಿಕ್ ಮಾಡಿದಳು. ಅತ್ತೆಯನ್ನೂ ಸೇರಿಸಿದಳು. ಗಾಫ್‌ಮನ್ ಪ್ರೇಕ್ಷಕರನ್ನು ಬೇರೆ ಬೇರೆ ಇಡುವುದು ಅಂತ ಹೇಳಿದ್ದು ಇದನ್ನೇ: ಒಂದು ಪಾತ್ರ ನೋಡಿದವರು ಇನ್ನೊಂದು ಪಾತ್ರ ನೋಡದ ಹಾಗೆ ನೋಡಿಕೊಳ್ಳುವುದು. ಮೊದಲು ಇದನ್ನು ಗೋಡೆ, ದೂರ, ಹೊತ್ತು ತಾವಾಗಿಯೇ ಮಾಡುತ್ತಿದ್ದವು. ಆಫೀಸಿನವರು ಆಫೀಸಿನಲ್ಲಿ, ಅತ್ತೆ ಊರಲ್ಲಿ. ಈಗ ಎಲ್ಲರೂ ಒಂದೇ ಕಾಂಟ್ಯಾಕ್ಟ್ ಲಿಸ್ಟಿನಲ್ಲಿ ಸಾಲಾಗಿ ಕೂತಿದ್ದಾರೆ. ಗೋಡೆಯನ್ನು ನಾವೇ ಕೈಯಾರೆ ಕಟ್ಟಬೇಕು, ಅದೂ ಹೆಸರು ಹೆಸರಿಗೆ.

ಅವಳು ಚೆನ್ನಾಗಿಯೇ ಕಟ್ಟಿದ್ದಳು. ಆದರೆ ಜೊತೆಗೆ ಹೋದ ಗೆಳತಿ ಇನ್‌ಸ್ಟಾದಲ್ಲಿ ಸ್ಟೋರಿ ಹಾಕಿ ಇವಳನ್ನು ಟ್ಯಾಗ್ ಮಾಡಿದಳು. ಆ ಗೆಳತಿಗೆ ಇವಳ ಟೀಮ್ ಲೀಡ್ ಕಾಲೇಜಿನ ಸೀನಿಯರ್. ಸೋಮವಾರ ಅವರು ಕೇಳಿದ್ದು ಒಂದೇ ಮಾತು: "ಜ್ವರ ಹೇಗಿದೆ? ಮುಳ್ಳಯ್ಯನಗಿರಿಯಲ್ಲಿ ಗಾಳಿ ಜೋರಾಗಿತ್ತಾ?"

ಕೆಟ್ಟದ್ದು ಎಲ್ಲಿ ನೋಡಿ. ಎಷ್ಟೋ ಪ್ರದರ್ಶನಗಳನ್ನು ಒಬ್ಬರೇ ನಡೆಸುವುದಿಲ್ಲ, ಅದು ತಂಡದ ಕೆಲಸ ಅಂತ ಗಾಫ್‌ಮನ್ ಹೇಳುತ್ತಾನೆ. ಹೋಟೆಲಿನ ಹುಡುಗಿಯರಿಗೆ ತಾವು ತಂಡದಲ್ಲಿದ್ದೇವೆ ಅಂತ ಗೊತ್ತಿತ್ತು. ಅದಕ್ಕೇ ಬೆಣ್ಣೆಯ ವಿಷಯ ಅತಿಥಿಗಳಿಗೆ ಹೇಳುತ್ತಿರಲಿಲ್ಲ. ಈ ಗೆಳತಿಗೆ ತಾನೂ ಜ್ವರದ ನಾಟಕದ ಪಾತ್ರಧಾರಿ ಅಂತ ಯಾರೂ ಹೇಳಿರಲೇ ಇಲ್ಲ. ಅವಳ ಪಾಲಿಗೆ ಅದೊಂದು ಚಂದದ ಫೋಟೋ, ಸುಮ್ನೆ ಹಾಕಿದಳು. ನಮ್ಮ ಪ್ರೈವಸಿ ಸೆಟ್ಟಿಂಗ್ ನಮ್ಮ ಬಾಗಿಲಿಗೆ ಮಾತ್ರ ಚಿಲಕ ಹಾಕುತ್ತದೆ. ಪಕ್ಕದಲ್ಲಿ ನಿಂತವರ ಫೋನಿನಲ್ಲಿ ನಮ್ಮ ಹಿನ್ನೆಲೆಗೆ ಇನ್ನೊಂದು ಬಾಗಿಲು ಇರುತ್ತದೆ.

ಗಾಫ್‌ಮನ್ ಬರೆದದ್ದು ಎದುರುಬದುರು ಸಿಗುವ ಜನರ ಬಗ್ಗೆ, ಹಾಗಾಗಿ ಅವನ ಮಾತು ಇಲ್ಲಿ ಪೂರ್ತಿ ಹೊಂದುವುದಿಲ್ಲ. ನಗು ಮುಗಿದರೆ ಮುಗಿಯಿತು, ಮುಂದಿನ ಮನೆಯಲ್ಲಿ ಹೊಸ ನಗು. ಪೋಸ್ಟ್ ಹಾಗಲ್ಲ. ಅದು ಉಳಿಯುತ್ತದೆ, ನಾವು ಇಲ್ಲದಾಗಲೂ ಯಾರೋ ನೋಡುತ್ತಾರೆ. ಅದಕ್ಕೇ ಬರ್ನಿ ಹೋಗನ್ ಎಂಬ ಸಂಶೋಧಕ 2010ರಲ್ಲಿ, ಇದನ್ನು ನಾಟಕ ಎನ್ನುವುದಕ್ಕಿಂತ ವಸ್ತುಪ್ರದರ್ಶನ ಎನ್ನುವುದು ಸರಿ ಎಂದು ವಾದಿಸಿದ. ಯಾರಿಗೆ ಯಾವುದು ಕಾಣಬೇಕು ಅಂತ ಆರಿಸುವ ಕೆಲಸದಲ್ಲಿ ಆ್ಯಪಿನ ಲೆಕ್ಕಾಚಾರವೂ ಸೇರಿಕೊಂಡಿದೆ. ಇನ್ನೊಂದು ಮಾತೂ ಹೇಳಿದ: ಯಾರು ನೋಡುತ್ತಾರೋ ಗೊತ್ತಿಲ್ಲದಾಗ ಜನ ಯಾರಿಗೂ ತಕರಾರು ಬರದಷ್ಟನ್ನೇ ಹಾಕುತ್ತಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಯಾಕೆ ಅಷ್ಟೊಂದು ಅಂದರೆ, ನನ್ನ ಪ್ರಕಾರ ಇದೇ ಕಾರಣ. ದೊಡ್ಡಪ್ಪನಿಗೂ ಸಲ್ಲಬೇಕು, ಸೊಸೆಗೂ ಸಲ್ಲಬೇಕು.

ಇನ್ನು ಆ "ಅಸಲಿ ಮುಖ". ಅದನ್ನೇ ಮಾರಲು ಹೊರಟ ಆ್ಯಪ್ ಒಂದಿದೆ, ಬಿರಿಯಲ್. ಫ್ರಾನ್ಸಿನದು, 2020ರಲ್ಲಿ ಬಂತು. ದಿನದಲ್ಲಿ ಯಾವಾಗಲೋ ಒಮ್ಮೆ ಗಂಟೆ ಹೊಡೆಯುತ್ತದೆ, ಎರಡು ನಿಮಿಷದೊಳಗೆ ಫೋಟೋ ತೆಗೆಯಬೇಕು, ಮುಂದಿನ ಹಿಂದಿನ ಎರಡೂ ಕ್ಯಾಮೆರಾ ಒಟ್ಟಿಗೆ. ಸಿಂಗಾರಕ್ಕೆ ಸಮಯವೇ ಇರಬಾರದು ಅಂತ ಲೆಕ್ಕ. ಜನ ಏನು ಮಾಡಿದರು? ಸುಮ್ಮನೆ ಇದ್ದು, ಸಂಜೆ ಒಳ್ಳೆಯ ಕಡೆ ಹೋದ ಮೇಲೆ ತಡವಾಗಿ ಹಾಕಿದರು. ತಡವಾದರೆ ಆ್ಯಪ್ ಅದನ್ನು ತೋರಿಸುತ್ತದೆ, ಎಷ್ಟು ಸಲ ಮತ್ತೆ ತೆಗೆದಿರಿ ಅಂತಲೂ ತೋರಿಸಬಲ್ಲದು. ಅಂದರೆ ಅದಕ್ಕೂ ಗೊತ್ತಿತ್ತು. ದೂರದಿಂದಲೇ ನಗುಮುಖ ಹೊತ್ತು ಬಂದ ಶೆಟ್ಲೆಂಡಿನವನಿಗೂ ಇವರಿಗೂ ಏನು ವ್ಯತ್ಯಾಸ? ನೋಡುವವರಿದ್ದಾರೆ ಅಂತ ಗೊತ್ತಾದ ಕೂಡಲೇ ಹಿನ್ನೆಲೆ ಇದ್ದದ್ದು ರಂಗವಾಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚುವ ವಿಡಿಯೋಗಳಿಗೆ ಈಗ ನೋಡುಗರು ಬೇಕಾದಷ್ಟಿದ್ದಾರೆ. ಕ್ಯಾಮೆರಾ ಒಳಗೆ ಬಂದಾಗ ಕಲಾವಿದರು ಬೀಡಿ ಎಲ್ಲಿ ಸೇದುತ್ತಾರೆ ಅಂತ ಕೇಳಿ, ಆ ಜಾಗ ಈಗ ಹಿನ್ನೆಲೆ.