ಯಾವ ಬ್ರಾಹ್ಮಿ?

ಜೂನ್ 14, 2024, ಶುಕ್ರವಾರ

ತ್ರಿಶೂರಿನ ಗೆಳತಿಯೊಬ್ಬರಿಗೆ ಹೋದ ವಾರ ಒಂದೆಲಗದ ತಂಬುಳಿ ಮಾಡುವ ಕ್ರಮ ಬರೆದು ಕಳಿಸಿದ್ದೆ. ಅವರಿಗೆ ಅರ್ಥವಾಗಲಿ ಅಂತ ಪಕ್ಕದಲ್ಲಿ ‘ಬ್ರಾಹ್ಮಿ’ ಅಂತಲೂ ಸೇರಿಸಿದ್ದೆ. ಇವತ್ತು ಫೋನ್ ಬಂತು. ತಂಬುಳಿ ಬಾಯಿಗಿಡಲಾಗದಷ್ಟು ಕಹಿಯಂತೆ. ಎಲೆಯ ಫೋಟೊ ಕಳಿಸಿ ಅಂದೆ. ನೋಡಿದರೆ ಗಿಡವೇ ಬೇರೆ.

ಒಂದೆಲಗದ ಎಲೆ ದುಂಡಗಿರುತ್ತದೆ, ಬುಡದಲ್ಲಿ ಸೀಳು, ಅಂಚಿಗೆ ಸಣ್ಣ ಸಣ್ಣ ಹಲ್ಲು. ನೆಲದ ಮೇಲೆ ಹಬ್ಬುವ ಬಳ್ಳಿಯ ಗಿಣ್ಣಿನಿಂದ ಉದ್ದ ತೊಟ್ಟು ಮೇಲೇಳುತ್ತದೆ. ಫೋಟೊದಲ್ಲಿದ್ದದ್ದು ಚಿಕ್ಕ, ದಪ್ಪ ಎಲೆ. ತೊಟ್ಟೇ ಇಲ್ಲದೆ, ಕಾಂಡದ ಎರಡೂ ಕಡೆ ಜೋಡಿಯಾಗಿ ಅಂಟಿಕೊಂಡಿತ್ತು. ಅದು ನೀರುಬ್ರಾಹ್ಮಿ. ಕೇರಳದಲ್ಲಿ ‘ಬ್ರಹ್ಮಿ’ ಅಂದರೆ ಅದೇ. ಅಂಗಡಿಯವರು ಕೇಳಿದ್ದನ್ನೇ ಕೊಟ್ಟಿದ್ದಾರೆ.

ಇಲ್ಲಿ ತೊಡಕು ಮಾಡುವುದು ಎರಡೂ ಕಡೆ ಇರುವ ಆ ಒಂದೇ ಹೆಸರು. ತುಳುವಿನ ತಿಮರೆ, ತಮಿಳಿನ ವಲ್ಲಾರೈ, ಮಲಯಾಳದ ಕುಡಂಗಲ್ ಕೇಳಲು ಒಂದಕ್ಕೊಂದು ಸಂಬಂಧವಿಲ್ಲದಂತಿವೆ, ಆದರೆ ಮೂರೂ ನಮ್ಮ ಒಂದೆಲಗವೇ. ಗೊತ್ತಿಲ್ಲದ ಹೆಸರು ಬಂದರೆ ಯಾರಾದರೂ ವಿಚಾರಿಸುತ್ತಾರೆ. ಗೊತ್ತಿರುವ ಹೆಸರಾದರೆ ಯಾಕೆ ವಿಚಾರಿಸುತ್ತಾರೆ, ಅಲ್ವಾ?

ಹಾಗಂತ ಮನೆಯವರಿಗೆ ಬರೆಯುವಾಗ ಲ್ಯಾಟಿನ್ ಬೇಕಿಲ್ಲ. ಮಲೆನಾಡಿನ ಅಡುಗೆಮನೆಯಲ್ಲಿ ಒಂದೆಲಗ ಅಂದರೆ ಸಾಕು. ಒಂದೇ ಹೆಸರು ಎರಡು ಗಿಡಕ್ಕೆ ಓಡಾಡುತ್ತಿದ್ದರೆ, ಅದೂ ತಿನ್ನುವ ಅಥವಾ ಔಷಧಿಯ ಗಿಡವಾದರೆ, ನಾನು ಲ್ಯಾಟಿನ್ ಹೆಸರು ಬರೆದೇ ಬರೆಯುತ್ತೇನೆ. ಒಂದೆಲಗ Centella asiatica, ನೀರುಬ್ರಾಹ್ಮಿ Bacopa monnieri. ಮೊದಲನೆಯದು ಕೊತ್ತಂಬರಿಯ ಕುಟುಂಬದ್ದು, ಎರಡನೆಯದಕ್ಕೂ ಅದಕ್ಕೂ ನಂಟಿಲ್ಲ. ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲೂ ಬ್ರಾಹ್ಮಿ ಅಂದರೆ ಬಕೋಪಾ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಅಂತ ಬೇರೆ ಹೆಸರಿದೆ. ಪುಡಿಯ ಪೊಟ್ಟಣ ಕೊಳ್ಳುವಾಗ ದೊಡ್ಡಕ್ಷರದ ‘ಬ್ರಾಹ್ಮಿ’ ಬಿಟ್ಟು ಹಿಂದಿನ ಸಣ್ಣಕ್ಷರ ಓದಬೇಕು. ಪುಡಿಯಾದ ಮೇಲೆ ಎಲೆ ನೋಡಿ ಗುರುತಿಸೋಕೆ ಆಗಲ್ಲ.

ಲ್ಯಾಟಿನ್ ಹೆಸರೂ ಬದಲಾಗುತ್ತದೆ. ಲಿನೇಯಸ್ 1753ರಲ್ಲಿ ಒಂದೆಲಗಕ್ಕೆ ಇಟ್ಟದ್ದು Hydrocotyle asiatica. ಹಳೇ ಪುಸ್ತಕಗಳಲ್ಲಿ ಈಗಲೂ ಅದೇ ಸಿಗುತ್ತದೆ. ಎರಡನೇ ಪದ ಒಂದೇ ಇದ್ದರೆ ನನಗೆ ಮೊದಲು ಬರುವ ಅನುಮಾನ, ಇದು ಅದೇ ಗಿಡದ ಹಳೇ ಹೆಸರಿರಬಹುದು ಅಂತ. ಅನುಮಾನ ಮಾತ್ರ, ಖಾತ್ರಿಗೆ ಸಮಾನಾರ್ಥಕ ಹೆಸರುಗಳ ಪಟ್ಟಿಯನ್ನೇ ನೋಡಬೇಕು.

ಗಿಡವನ್ನೇ ತಪ್ಪಾಗಿ ಗುರುತಿಸಿದ್ದರೆ ಲ್ಯಾಟಿನ್ನೂ ಕಾಪಾಡಲ್ಲ. ನರ್ಸರಿಗಳಲ್ಲಿ ‘ಬ್ರಾಹ್ಮಿ’ ಅಂತ ಮಾರುವ ಕೆಲವು ಕುಂಡಗಳಲ್ಲಿ ಎಲೆಯ ನಟ್ಟನಡುವೆ ತೊಟ್ಟು ಸೇರಿರುತ್ತದೆ. ಅದು ಅಲಂಕಾರದ ಹೈಡ್ರೋಕೋಟೈಲ್. ಒಂದೆಲಗದಲ್ಲಿ ತೊಟ್ಟು ಸೇರುವುದು ಬುಡದ ಸೀಳಿನಲ್ಲಿ. ಎಲೆ ಮಗುಚಿ ನೋಡಿದರೆ ತಕ್ಷಣ ತಿಳಿಯುತ್ತದೆ.

ಗೆಳತಿಗೆ ಹೊಸದಾಗಿ ಬರೆದು ಕಳಿಸಿದೆ: ಕುಡಂಗಲ್, Centella asiatica, ಜೊತೆಗೆ ಎಲೆಯ ಹಿಂಬದಿಯ ಒಂದು ಫೋಟೊ.