ಚಿಕ್ಕ ಪಟ್ಟಿ, ದೊಡ್ಡ ಬಿಪಿ

ಕಿವಿನೋವು ಅಂತ ಅಕ್ಕನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆ. ಬಿಪಿ ಪಟ್ಟಿ ಅವಳ ತೋಳಿಗೆ ಸಾಲಲಿಲ್ಲ. ಎಳೆದು ಕಟ್ಟಿದರು. 152 ಬಂತು. "ಮೊದಲು ತೂಕ ಇಳಿಸಿ" ಅಂದರು. ಕಿವಿಯನ್ನು ಸರಿಯಾಗಿ ನೋಡಲೂ ಇಲ್ಲ!

ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ತೀರಾ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 20ರಷ್ಟು ಹೆಚ್ಚು ಬಂದಿತ್ತು. ಅಂದರೆ ಇಲ್ಲದ ಬಿಪಿಗೆ ಮಾತ್ರೆ ಶುರುವಾಗಬಹುದು. ತೋಳಿನ ಸುತ್ತಳತೆ 34 ಸೆಂ.ಮೀ. ದಾಟಿದ್ದರೆ ದೊಡ್ಡ ಪಟ್ಟಿ ಕೇಳಿ. ಕೊಡುವುದು ಅವರ ಕೆಲಸ, ನಾಚಿಕೆ ಯಾಕೆ?

ಅಕ್ಕ ಮಾತ್ರ ಈಗ ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. "ಸುಮ್ನೆ ಬೈಸಿಕೊಳ್ಳೋಕಾ?" ಅನ್ನುತ್ತಾಳೆ.